ದಿನಕ್ಕೆ ನಾಲ್ಕು ನಿಮಿಷ ಬೇಗ ಬರುವ ಅಗಸ್ತ್ಯ ನಕ್ಷತ್ರ: ಒಂದು ಹಾಸ್ಟೆಲ್ ಕಿಟಕಿಯ ಪ್ರಕರಣ

ಇದು ಮಧ್ಯ ಕರ್ನಾಟಕದ ಒಂದು ವಸತಿ ಶಾಲೆಯಲ್ಲಿ ನಡೆದದ್ದು. ಅಲ್ಲಿ ನಾನು ವಿಜ್ಞಾನ ಪಾಠ ಮಾಡುತ್ತಿದ್ದೆ. ಶಾಲೆಯ ಹೆಸರು, ಊರು, ಮಕ್ಕಳ ಹೆಸರು, ಯಾವ ವರ್ಷ ಅನ್ನೋದು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಆದರೆ ಏನು ಕೇಳಿದರು, ಎಲ್ಲಿ ಎಡವಿದೆವು, ಯಾವ ಅಳತೆ ಕೆಟ್ಟಿತು, ಯಾವುದು ನಿಂತಿತು ಅನ್ನುವುದನ್ನು ಪೂರ್ತಿ ಬರೆಯುತ್ತೇನೆ. ಇದೇ ಪಾಠ ಮಾಡುವವರಿಗೆ ಅಥವಾ ಮನೆಯಲ್ಲಿ ಮಕ್ಕಳ ಜೊತೆ ಮಾಡಿ ನೋಡುವವರಿಗೆ ಕೆಲಸಕ್ಕೆ ಬರಬಹುದು.

ಪ್ರಶ್ನೆ ಹುಟ್ಟಿದ್ದು

ಜನವರಿ ಕೊನೆಯ ವಾರ. ಒಂಬತ್ತನೇ ಕ್ಲಾಸು. ಭೂಮಿ ತನ್ನ ಸುತ್ತ ಒಂದು ಸಲ ತಿರುಗೋಕೆ 23 ಗಂಟೆ 56 ನಿಮಿಷ 4 ಸೆಕೆಂಡು ಬೇಕು ಅಂತ ಬೋರ್ಡಿನ ಮೇಲೆ ಬರೆದೆ. ಒಬ್ಬ ಹುಡುಗಿ ಎದ್ದು ನಿಂತಳು.

"ಸರ್, ದಿನಕ್ಕೆ 24 ಗಂಟೆ ಅಲ್ವಾ? ಹಾಗಾದ್ರೆ ದಿನಾ ನಾಲ್ಕು ನಿಮಿಷ ವ್ಯತ್ಯಾಸ ಬರುತ್ತೆ. ಆರು ತಿಂಗಳಿಗೆ 12 ಗಂಟೆ ಆಯ್ತು. ಆಗ ಮಧ್ಯಾಹ್ನ ಹನ್ನೆರಡಕ್ಕೆ ಕತ್ತಲಾಗಬೇಕಲ್ವಾ ಸರ್?"

ಲೆಕ್ಕ ಸರಿಯಾಗಿತ್ತು. ನಾಲ್ಕು ನಿಮಿಷವನ್ನು 182 ದಿನದಿಂದ ಗುಣಿಸಿದರೆ 728 ನಿಮಿಷ, ಅಂದರೆ ಹನ್ನೆರಡು ಗಂಟೆ ಚಿಲ್ಲರೆ. ನಾನು ಯೋಚನೆ ಮಾಡದೆ ಉತ್ತರ ಕೊಟ್ಟೆ. "ಆ ನಾಲ್ಕು ನಿಮಿಷ ಎಲ್ಲ ಕೂಡಿ ಕೂಡಿ ಅಧಿಕ ವರ್ಷದಲ್ಲಿ ಒಂದು ದಿನ ಜಾಸ್ತಿ ಆಗುತ್ತಮ್ಮ, ಅಲ್ಲಿಗೆ ಸರಿಹೋಗುತ್ತೆ" ಅಂದೆ. ಈ ಉತ್ತರವನ್ನು ನಾನು ಬೇರೆಯವರ ಬಾಯಲ್ಲೂ ಕೇಳಿದ್ದೇನೆ. ಕೇಳೋಕೆ ಸರಿ ಅನ್ನಿಸುತ್ತೆ. ಆದರೆ ತಪ್ಪು.

ಆಕೆ ಸುಮ್ನೆ ಕೂತಳು, ಮಾರನೇ ದಿನ ನೋಟ್‌ಬುಕ್ ಹಿಡಿದು ಸ್ಟಾಫ್ ರೂಮಿಗೆ ಬಂದಳು. ಅದರಲ್ಲಿ ಎರಡೇ ಸಾಲು. ನಾಲ್ಕು ನಿಮಿಷದ ಹಾಗೆ 365 ದಿನಕ್ಕೆ 1460 ನಿಮಿಷ, ಅಂದರೆ ಒಂದು ವರ್ಷಕ್ಕೇ ಹೆಚ್ಚುಕಡಿಮೆ ಒಂದು ಪೂರ್ತಿ ದಿನ. ಅಧಿಕ ವರ್ಷ ಬರೋದು ನಾಲ್ಕು ವರ್ಷಕ್ಕೊಂದು ಸಲ. ಹಾಗಾದರೆ ಉಳಿದ ಮೂರು ದಿನ ಎಲ್ಲಿ ಹೋಯ್ತು?

ನನ್ನ ಹತ್ತಿರ ಉತ್ತರ ಇರಲಿಲ್ಲ. ತಪ್ಪು ಹೇಳಿದೆ ಅಂತ ಒಪ್ಪಿಕೊಂಡೆ. ಈ ಪ್ರಕರಣದ ಮೊದಲ ತಿರುವು ಅದು. ಆಕೆಯ ಎರಡು ಸಾಲಿನಲ್ಲಿ ಗುಟ್ಟು ಅರ್ಧ ಬಿಚ್ಚಿಕೊಂಡಿತ್ತು, ಆಗ ನಾವಿಬ್ಬರೂ ಗಮನಿಸಲಿಲ್ಲ ಅಷ್ಟೇ: ವರ್ಷಕ್ಕೆ ಕೂಡಿ ಬರುವ ವ್ಯತ್ಯಾಸ ಯಾವುದೋ ಒಂದು ಸಂಖ್ಯೆ ಅಲ್ಲ, ಸರಿಯಾಗಿ *ಒಂದು* ಸುತ್ತು.

ಬಲ್ಬು, ಗ್ಲೋಬು, ಆಮೇಲೆ ಪ್ರದಕ್ಷಿಣೆ

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಮೇಜಿನ ನಡುವೆ ಬಲ್ಬು ಇಟ್ಟು ಅದರ ಸುತ್ತ ಗ್ಲೋಬ್ ಹಿಡಿದು ತಿರುಗಿದೆ. ಇದು ಕೆಲಸಕ್ಕೆ ಬರಲಿಲ್ಲ. ಭೂಮಿ ಒಂದು ದಿನದಲ್ಲಿ ಸೂರ್ಯನ ಸುತ್ತ ಸಾಗುವುದು ಒಂದು ಡಿಗ್ರಿಗಿಂತ ತುಸು ಕಮ್ಮಿ. ಮೇಜಿನ ಮೇಲೆ ಅಷ್ಟು ಚಿಕ್ಕ ಕೋನ ಕೈಯಲ್ಲಿ ತೋರಿಸೋಕೆ ಆಗಲ್ಲ. ಮಕ್ಕಳು ತಲೆಯಾಡಿಸಿದರು, ಆದರೆ ಯಾರಿಗೂ ಕಂಡಿರಲಿಲ್ಲ.

ಆಗ ಹಿಂದಿನ ಬೆಂಚಿನ ಒಬ್ಬ ಹುಡುಗ ಹೇಳಿದ ಮಾತು ದಾರಿ ತೋರಿಸಿತು. ಅವನ ಮನೆಯವರು ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕಿದ ಮೇಲೆ ನಿಂತಲ್ಲೇ ಆತ್ಮಪ್ರದಕ್ಷಿಣೆ ಹಾಕುತ್ತಾರಂತೆ. "ಸರ್, ಭೂಮಿ ಎರಡನ್ನೂ ಒಟ್ಟಿಗೆ ಹಾಕುತ್ತೆ ಅಷ್ಟೇ ಅಲ್ವಾ?" ಅಂದ. ಹೌದು, ಅಷ್ಟೇ. ಅಂಗಳಕ್ಕೆ ಹೋದೆವು.

ನಡುವೆ ಒಂದು ಸ್ಟೂಲು, ಅದು ಗರ್ಭಗುಡಿ, ಅದೇ ಸೂರ್ಯ. ಅವನಿಗೆ ಒಂದು ಸುತ್ತು ಬರೋಕೆ ಹೇಳಿದೆ, ಆತ್ಮಪ್ರದಕ್ಷಿಣೆ ಇಲ್ಲದೆ, ದೇವಸ್ಥಾನದಲ್ಲಿ ನಡೆಯುವ ಹಾಗೇ. ಸ್ಟೂಲು ಪೂರ್ತಿ ಹೊತ್ತು ಅವನ ಬಲಗೈ ಕಡೆಗೇ ಇತ್ತು. ಒಂದು ಸಲವೂ ಅದು ಅವನ ಮುಖದ ಮುಂದೆ ಬಂದು ಹಿಂದೆ ಹೋಗಲಿಲ್ಲ. ಸ್ಟೂಲಿನ ಲೆಕ್ಕದಲ್ಲಿ ಅವನು ಒಂದು ಸಲವೂ ತಿರುಗಿಲ್ಲ. ಆದರೆ ಅಷ್ಟರೊಳಗೆ ಅವನ ಮುಖ ಪೂರ್ವಕ್ಕೆ, ದಕ್ಷಿಣಕ್ಕೆ, ಪಶ್ಚಿಮಕ್ಕೆ, ಉತ್ತರಕ್ಕೆ ಒಂದೊಂದು ಸಲ ಆಗಿತ್ತು. ದೂರದ ಗೇಟಿನ ಹತ್ತಿರ ನಿಂತವರ ಲೆಕ್ಕದಲ್ಲಿ ಅವನು ಪೂರ್ತಿ ಒಂದು ಸುತ್ತು ತಿರುಗಿದ್ದಾನೆ. ಬೇಕು ಅಂತ ತಿರುಗಲಿಲ್ಲ, ಪ್ರದಕ್ಷಿಣೆ ಹಾಕಿದ್ದರಿಂದಲೇ ಆ ಒಂದು ಸುತ್ತು ಬಂದುಬಿಟ್ಟಿತು.

ಈಗ ಆತ್ಮಪ್ರದಕ್ಷಿಣೆ ಸೇರಿಸಿದೆವು. ಯಾವ ಕಡೆಗೆ ಸುತ್ತು ಬರುತ್ತಾನೋ ಅದೇ ಕಡೆಗೆ ತನ್ನ ಸುತ್ತಲೂ ತಿರುಗಬೇಕು. ಭೂಮಿ ಮಾಡುವುದೂ ಹಾಗೇ, ಎರಡೂ ಒಂದೇ ದಿಕ್ಕಿಗೆ. ಸ್ಟೂಲಿನ ಮೇಲೆ ಕೂತ ಹುಡುಗಿ ಅವನ ಮುಖ ತನ್ನ ಎದುರಿಗೆ ಬಂದಾಗಲೆಲ್ಲ ಒಂದು ಎಣಿಸಬೇಕು. ಗೇಟಿನ ಹತ್ತಿರದವಳು ಅವನ ಮುಖ ಗೇಟಿನ ಕಡೆ ಆದಾಗಲೆಲ್ಲ ಒಂದು ಎಣಿಸಬೇಕು. ಒಂದು ಪ್ರದಕ್ಷಿಣೆ ಮುಗಿಯುವಷ್ಟರಲ್ಲಿ ಸ್ಟೂಲಿನವಳ ಲೆಕ್ಕ 4, ಗೇಟಿನವಳದು 5. ಮತ್ತೆ ಮಾಡಿಸಿದೆವು, ಈ ಸಲ ಸ್ವಲ್ಪ ಬೇಗ ಬೇಗ ತಿರುಗಿದ: 7 ಮತ್ತು 8. ಎಷ್ಟು ಸಲ ಮಾಡಿದರೂ ಗೇಟಿನವಳಿಗೆ ಒಂದು ಜಾಸ್ತಿ. ತನ್ನ ಸುತ್ತ ಎದುರು ದಿಕ್ಕಿಗೆ ತಿರುಗು ಅಂದಾಗ ಮಾತ್ರ ಗೇಟಿನವಳಿಗೆ ಒಂದು ಕಮ್ಮಿ ಬಂತು.

ಸ್ಟೂಲಿನವಳು ಎಣಿಸಿದ್ದು ಸೌರ ದಿನ. ಗೇಟಿನವಳು ಎಣಿಸಿದ್ದು ನಾಕ್ಷತ್ರಿಕ ದಿನ. ಭೂಮಿಯ ವಿಷಯದಲ್ಲಿ ಗೇಟು ಅಂದರೆ ದೂರದ ನಕ್ಷತ್ರಗಳು, ನಾವು ಸೂರ್ಯನ ಸುತ್ತ ಎಲ್ಲಿದ್ದರೂ ಅವು ಇರುವ ದಿಕ್ಕು ಬದಲಾಗುವುದಿಲ್ಲ ಅನ್ನುವಷ್ಟು ದೂರ. ವರ್ಷಕ್ಕೆ ಸೂರ್ಯ 365 ಸಲ ಹುಟ್ಟಿ ಮುಳುಗಿದರೆ ಭೂಮಿ ತಿರುಗಿರುವುದು 366 ಸಲ. ಆ ಒಂದು ಸುತ್ತನ್ನು ವರ್ಷದ ಅಷ್ಟೂ ದಿನಕ್ಕೆ ಹಂಚಿದರೆ ದಿನಕ್ಕೆ 3 ನಿಮಿಷ 56 ಸೆಕೆಂಡು ಬೀಳುತ್ತದೆ. ನಾಲ್ಕು ನಿಮಿಷ ಅನ್ನುವುದು ಇದರಿಂದಲೇ ಬಂದದ್ದು.

ಇದನ್ನೇ ಒಂದು ದಿನದ ಮಟ್ಟಿಗೆ ನೋಡಿದರೆ ಹೀಗೆ. ಇವತ್ತು ಮಧ್ಯಾಹ್ನ ಸೂರ್ಯ ನೆತ್ತಿಯ ಗೆರೆಯ ಮೇಲಿದ್ದಾನೆ ಅಂದುಕೊಳ್ಳಿ. ಭೂಮಿ ಪೂರ್ತಿ ಒಂದು ಸುತ್ತು ತಿರುಗಿದಾಗ ನಕ್ಷತ್ರಗಳೆಲ್ಲ ಮೊದಲಿದ್ದ ಜಾಗಕ್ಕೆ ಬಂದಿರುತ್ತವೆ. ಆದರೆ ಅಷ್ಟರಲ್ಲಿ ಭೂಮಿ ತನ್ನ ದಾರಿಯಲ್ಲಿ ಒಂದು ಡಿಗ್ರಿಯಷ್ಟು ಮುಂದೆ ಸಾಗಿದೆ, ಸೂರ್ಯ ಈಗ ಒಂದು ಡಿಗ್ರಿ ಪಕ್ಕಕ್ಕೆ ಕಾಣುತ್ತಾನೆ. ಅವನನ್ನು ಮತ್ತೆ ನೆತ್ತಿಯ ಗೆರೆಗೆ ತರಬೇಕಾದರೆ ಇನ್ನೊಂದು ಡಿಗ್ರಿ ತಿರುಗಬೇಕು. 360 ಡಿಗ್ರಿಗೆ 1440 ನಿಮಿಷ ಆದರೆ ಒಂದು ಡಿಗ್ರಿಗೆ ನಾಲ್ಕು ನಿಮಿಷ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ರೈತರಿಗೆ ಈ ಒಂದು ಡಿಗ್ರಿ ಹೊಸದೇನಲ್ಲ. ರೋಹಿಣಿ ಮಳೆ, ಮೃಗಶಿರ ಮಳೆ, ಆರ್ದ್ರಾ ಮಳೆ ಅಂತ ಹೇಳುತ್ತೇವಲ್ಲ, ಒಂದೊಂದೂ 13-14 ದಿನ. ಸೂರ್ಯ ದಿನಕ್ಕೆ ಸುಮಾರು ಒಂದು ಡಿಗ್ರಿಯಂತೆ ನಕ್ಷತ್ರಗಳ ನಡುವೆ ಪೂರ್ವಕ್ಕೆ ಸರಿಯುತ್ತಾನೆ. 27 ನಕ್ಷತ್ರಗಳನ್ನು ದಾಟೋಕೆ ಒಂದು ವರ್ಷ ಬೇಕು, ಹಾಗಾಗಿ ಒಂದೊಂದರಲ್ಲಿ ಹದಿಮೂರೂವರೆ ದಿನ ಇರುತ್ತಾನೆ. ಜೂನ್ ಕೊನೆಯಲ್ಲಿ ಆರ್ದ್ರಾ ಮಳೆ ಶುರುವಾಗುವ ಹೊತ್ತಿಗೆ ಸೂರ್ಯ ಆರ್ದ್ರಾ ನಕ್ಷತ್ರ ಇರುವ ದಿಕ್ಕಿನಲ್ಲೇ ಇರುತ್ತಾನೆ. ಆಗ ರಾತ್ರಿ ಹುಡುಕಿದರೆ ಆರ್ದ್ರಾ ಸಿಗಲ್ಲ. ಅದೇ ನಕ್ಷತ್ರ ಫೆಬ್ರವರಿ ರಾತ್ರಿ ತಲೆಯ ಮೇಲೆ ಕೆಂಪಗೆ ಕಾಣುತ್ತದೆ. ಇಷ್ಟು ಹೇಳಿದಾಗ ಅರ್ಧ ಕ್ಲಾಸಿಗೆ ತಟ್ಟನೆ ಹೊಳೆಯಿತು, ಯಾಕೆಂದರೆ ಮಳೆ ನಕ್ಷತ್ರದ ಲೆಕ್ಕ ಅವರ ಮನೆಗಳಲ್ಲಿ ದಿನಾ ಆಡುವ ಮಾತು.

ಅಳೆಯೋಣ ಅಂತ ಹೊರಟದ್ದು

ಆ ಹುಡುಗಿಗೆ ಅಷ್ಟಕ್ಕೇ ತೃಪ್ತಿ ಆಗಲಿಲ್ಲ. "ನಕ್ಷತ್ರ ನಿಜವಾಗಲೂ ನಾಲ್ಕು ನಿಮಿಷ ಬೇಗ ಬರುತ್ತಾ, ನೋಡಬಹುದಾ ಸರ್?" ಅಂದಳು. ನೋಡಬಹುದು. ದುರ್ಬೀನು ಬೇಡ. ನಕ್ಷತ್ರ ಅನ್ನುವುದು ನಮ್ಮ ಕಣ್ಣಿಗೆ ಒಂದು ಚುಕ್ಕಿ, ಹಾಗಾಗಿ ಗೋಡೆಯ ಅಂಚಿನ ಹಿಂದೆ ಹೋಗುವಾಗ ದೀಪ ಆರಿಸಿದ ಹಾಗೆ ಮಾಯವಾಗುತ್ತದೆ. ಅದು ಮಾಯವಾದ ಗಳಿಗೆಯನ್ನು ದಿನಾ ಬರೆದಿಟ್ಟರೆ ಆಯಿತು. ಹಿಂದೆ ಇಂಗ್ಲೆಂಡಿನಲ್ಲಿ ಗಡಿಯಾರ ಮಾಡುತ್ತಿದ್ದ ಜಾನ್ ಹ್ಯಾರಿಸನ್ ತನ್ನ ಗಡಿಯಾರಗಳನ್ನು ಹೀಗೇ ಪರೀಕ್ಷೆ ಮಾಡುತ್ತಿದ್ದ, ಪಕ್ಕದ ಮನೆಯ ಚಿಮಣಿಯ ಹಿಂದೆ ನಕ್ಷತ್ರ ಮರೆಯಾಗುವುದನ್ನು ನೋಡಿಕೊಂಡು.

ನಕ್ಷತ್ರ ಯಾವುದು ಅನ್ನುವುದು ಮೊದಲ ತೀರ್ಮಾನ. ಅಗಸ್ತ್ಯ ಆರಿಸಿದೆವು. ಲುಬ್ಧಕ ಬಿಟ್ಟರೆ ರಾತ್ರಿಯ ಆಕಾಶದಲ್ಲಿ ಅದೇ ಹೆಚ್ಚು ಹೊಳೆಯುವ ನಕ್ಷತ್ರ, ತಪ್ಪಿ ಬೇರೆಯದನ್ನು ನೋಡುವ ಭಯ ಇಲ್ಲ. ಅದಕ್ಕಿಂತ ಮುಖ್ಯವಾಗಿ ನಮ್ಮ ಕಡೆ ಅದು ದಕ್ಷಿಣದಲ್ಲಿ ಕೆಳಗೇ ಇರುತ್ತದೆ, ಅತಿ ಎತ್ತರಕ್ಕೆ ಏರಿದಾಗಲೂ ಸುಮಾರು 23 ಡಿಗ್ರಿ. ಕತ್ತು ನೋಯಿಸಿಕೊಳ್ಳದೆ ಕಟ್ಟಡದ ಅಂಚಿಗೆ ಹೊಂದಿಸಬಹುದು. ಅಷ್ಟು ಎತ್ತರದಲ್ಲಿರುವಾಗ ಅದು ಎಡದಿಂದ ಬಲಕ್ಕೆ ನೆಟ್ಟಗೆ ಅಡ್ಡ ಸಾಗುತ್ತದೆ. ಗ್ರಹಗಳನ್ನು ಮಾತ್ರ ಆರಿಸಬಾರದು. ಅವು ನಕ್ಷತ್ರಗಳ ನಡುವೆ ತಾವೇ ಸರಿಯುವುದರಿಂದ ಉತ್ತರ ಕೆಡುತ್ತದೆ.

ಮೊದಲ ವಾರ ಪೂರ್ತಿ ಹಾಳಾಯಿತು. ಮಕ್ಕಳು ಹಾಸ್ಟೆಲ್ ವರಾಂಡದಲ್ಲಿ ನಿಂತು ಎಂಟು ಮೀಟರ್ ದೂರದ ಕಂಬದ ಹಿಂದೆ ಅಗಸ್ತ್ಯ ಹೋಗುವುದನ್ನು ನೋಡಿದರು. ಒಂದು ದಿನ ಆರು ನಿಮಿಷ ಬೇಗ, ಮಾರನೇ ದಿನ ಒಂದೇ ನಿಮಿಷ, ಅದರ ಮಾರನೇ ದಿನ ಎಂಟು. ನಿಂತ ಜಾಗದಲ್ಲಿ ಸೀಮೆಸುಣ್ಣದ ಗುರುತು ಇತ್ತು, ಆದರೂ ಹೀಗೆ. ಏನಾಯಿತು ಅಂತ ಲೆಕ್ಕ ಹಾಕಿದೆವು. ಅಗಸ್ತ್ಯ ದಕ್ಷಿಣ ಧ್ರುವದ ಹತ್ತಿರ ಇರುವುದರಿಂದ ಚಿಕ್ಕ ವೃತ್ತದಲ್ಲಿ ಸುತ್ತುತ್ತದೆ, ಗಂಟೆಗೆ 9 ಡಿಗ್ರಿಯಷ್ಟೇ ಸಾಗುತ್ತದೆ. ಎಂಟು ಮೀಟರ್ ದೂರದ ಕಂಬಕ್ಕೆ ನೋಡುವವನ ತಲೆ ಹತ್ತು ಸೆಂಟಿಮೀಟರ್ ಪಕ್ಕಕ್ಕೆ ವಾಲಿದರೆ 0.7 ಡಿಗ್ರಿ ತಪ್ಪು. ಸಮಯದಲ್ಲಿ ಅದು ಸುಮಾರು ಐದು ನಿಮಿಷ. ನಾವು ಅಳೆಯಬೇಕಾದದ್ದೇ ನಾಲ್ಕು ನಿಮಿಷ! ಪಾದ ಗುರುತಿನ ಮೇಲೆ ಇದ್ದರೂ ತಲೆ ಅಲ್ಲೇ ಇರಲ್ಲ.

ಎರಡು ಬದಲಾವಣೆ ಮಾಡಿದೆವು. ಅಂಚನ್ನು ದೂರ ಮಾಡಿದೆವು: ಹಾಸ್ಟೆಲ್ ಮೊದಲ ಮಹಡಿಯ ಕಿಟಕಿಯಿಂದ ನಲವತ್ತು ಮೀಟರ್ ಆಚೆಗಿನ ನೀರಿನ ಟ್ಯಾಂಕು. ಕಣ್ಣನ್ನು ಕಟ್ಟಿಹಾಕಿದೆವು: ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಮೊಳೆಯಿಂದ ನಾಲ್ಕು ಮಿಲಿಮೀಟರಿನ ತೂತು ಮಾಡಿ, ಕಿಟಕಿಯ ಸರಳಿಗೆ ಸ್ಕ್ರೂ ಹಾಕಿ ಬಿಗಿದೆವು. ಅಂಚು ಚುಚ್ಚದ ಹಾಗೆ ಸುತ್ತ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿದೆವು. ಇನ್ನು ಯಾರು ನೋಡಿದರೂ ಕಣ್ಣು ಆ ತೂತಿನಲ್ಲೇ ಇರಬೇಕು. ಈಗ ತಪ್ಪು ಎರಡು ಮೂರು ಸೆಕೆಂಡಿಗೆ ಇಳಿಯಿತು.

ಒಬ್ಬರು ತೂತಿಗೆ ಕಣ್ಣಿಟ್ಟು ಕೂರುವುದು, ಇನ್ನೊಬ್ಬರು ಮೊಬೈಲ್ ಗಡಿಯಾರ ನೋಡುವುದು. ನಕ್ಷತ್ರ ಮಾಯವಾದ ತಕ್ಷಣ "ಹೋಯ್ತು" ಅಂತ ಕೂಗಬೇಕು.

ಫೆಬ್ರವರಿ 10ರ ರಾತ್ರಿ 9 ಗಂಟೆ 31 ನಿಮಿಷ 20 ಸೆಕೆಂಡಿಗೆ ಹೋಯಿತು. 11ಕ್ಕೆ 9:27:24. 12ಕ್ಕೆ 9:23:31. ಮೂರೇ ರಾತ್ರಿಯಲ್ಲಿ ಉತ್ತರ ಕಣ್ಣೆದುರಿಗೆ ಬಂತು, ಮೂರನೇ ದಿನ ಕಿಟಕಿಯ ಹತ್ತಿರ ನಿಂತಿದ್ದ ನನಗೇ ಮೈ ಜುಂ ಅಂದಿತು.

ಟೇಬಲ್ಲಿನಲ್ಲಿ ಒಂದು ಮೆಟ್ಟಿಲು

ಹತ್ತು ದಿನ ಆದ ಮೇಲೆ ಒಂದು ವಿಚಿತ್ರ ಕಂಡಿತು. 18ನೇ ತಾರೀಖಿಗೂ 19ಕ್ಕೂ ನಡುವೆ ಬರೀ 2 ನಿಮಿಷ 16 ಸೆಕೆಂಡು ವ್ಯತ್ಯಾಸ. ಅದಾದ ಮೇಲೆ ಮತ್ತೆ ಎಂದಿನಂತೆ 3:56, 3:55. ಆಮೇಲೆ 22ಕ್ಕೂ 23ಕ್ಕೂ ನಡುವೆ 5 ನಿಮಿಷ 36 ಸೆಕೆಂಡು.

ಒಬ್ಬ ಹುಡುಗ ಆ 2:16 ಮತ್ತು 5:36 ಎರಡನ್ನೂ ಹೊಡೆದುಹಾಕಿ, ಉಳಿದದ್ದರ ಸರಾಸರಿ ತೆಗೆಯೋಣ ಅಂದ. ಬೇಡ ಅಂದೆ, ಅದು ಸರಿಯಾದ ತೀರ್ಮಾನ ಆಯಿತು. ನೋಡುವವರ ಕಣ್ಣು ತಪ್ಪಿದ್ದರೆ ಒಂದು ದಿನ ಕೆಟ್ಟು ಮಾರನೇ ದಿನ ತಾನೇ ಸರಿಯಾಗುತ್ತದೆ. ಇಲ್ಲಿ ಹಾಗಾಗಿಲ್ಲ. ಒಂದು ದಿನ 100 ಸೆಕೆಂಡು ಮೇಲೆ ಹತ್ತಿ, ನಾಲ್ಕು ದಿನ ಅಲ್ಲೇ ನಿಂತು, ಮತ್ತೆ ಅಷ್ಟೇ 100 ಸೆಕೆಂಡು ಕೆಳಗೆ ಇಳಿದಿದೆ. ಹೀಗೆ ಮೆಟ್ಟಿಲಿನ ಹಾಗೆ ಕಂಡರೆ ತಪ್ಪು ಗಡಿಯಾರದಲ್ಲಿ ಇರುತ್ತದೆ. ವಿಚಾರಿಸಿದೆವು. ಆ ನಾಲ್ಕು ದಿನ ನನ್ನ ಫೋನ್ ಇರಲಿಲ್ಲ, ವಾರ್ಡನ್ ಅವರ ಫೋನ್ ತಂದಿದ್ದರು. ಅದರಲ್ಲಿ ಸಮಯವನ್ನು ಕೈಯಿಂದ ಇಟ್ಟಿದ್ದರು, ನೆಟ್‌ವರ್ಕಿನಿಂದ ತಾನೇ ಸರಿಮಾಡಿಕೊಳ್ಳುವಂತೆ ಇಟ್ಟಿರಲಿಲ್ಲ. ಎರಡೂ ಫೋನು ಪಕ್ಕಪಕ್ಕ ಇಟ್ಟು ನೋಡಿದರೆ 1 ನಿಮಿಷ 40 ಸೆಕೆಂಡು ಮುಂದೆ. ಸರಿಯಾಗಿ 100. ಆ ನಾಲ್ಕು ದಿನದ ಅಂಕಿಯಿಂದ 100 ಕಳೆದೆವು, ಯಾವುದನ್ನೂ ಬಿಸಾಡಬೇಕಾಗಲಿಲ್ಲ.

ದಿನ ಕಳೆದಂತೆ ಅಗಸ್ತ್ಯ ಹಾಸ್ಟೆಲಿನ ವೇಳಾಪಟ್ಟಿಯೊಳಗೇ ಹಿಂದೆ ಹಿಂದೆ ಸರಿಯುತ್ತಾ ಬಂತು. ಮೊದಲು ಮಲಗುವ ಗಂಟೆಯ ಹೊತ್ತಿಗೆ ಹೋಗುತ್ತಿದ್ದದ್ದು ಆಮೇಲೆ ಓದುವ ಹೊತ್ತಿಗೆ ಬಂತು, ಕೊನೆಗೆ ಊಟದ ಗಂಟೆಗೂ ಮುಂಚೆ. ಸರತಿಯಲ್ಲಿ ತಟ್ಟೆ ಹಿಡಿದು ನಿಂತಿದ್ದ ಹುಡುಗರು ಓಡಿ ಬಂದು ತೂತಿಗೆ ಕಣ್ಣಿಡುತ್ತಿದ್ದರು. ಮಾರ್ಚ್ 10ರಂದು ಹೋಗಿದ್ದು ಸಂಜೆ 7:41:22ಕ್ಕೆ. ನಡುವೆ ಮೋಡದಿಂದಾಗಿ 11 ರಾತ್ರಿ ಏನೂ ಸಿಗಲಿಲ್ಲ, ಅದರಿಂದ ತೊಂದರೆ ಆಗಲಿಲ್ಲ. ಮೊದಲ ದಿನ ಮತ್ತು ಕೊನೆಯ ದಿನ ಗಟ್ಟಿಯಾಗಿದ್ದರೆ ಸಾಕು.

28 ದಿನಕ್ಕೆ ಒಟ್ಟು 1 ಗಂಟೆ 49 ನಿಮಿಷ 58 ಸೆಕೆಂಡು. ಅಂದರೆ 6598 ಸೆಕೆಂಡು. 28ರಿಂದ ಭಾಗಿಸಿದರೆ 235.6 ಸೆಕೆಂಡು, 3 ನಿಮಿಷ 55.6 ಸೆಕೆಂಡು. ಪುಸ್ತಕದ ಸಂಖ್ಯೆ 235.9. ಒಂದು ರಾತ್ರಿಯ ಅಳತೆಯಲ್ಲಿ ಮೂರ್ನಾಲ್ಕು ಸೆಕೆಂಡು ತಪ್ಪಿದ್ದರೂ ಅದು 28 ದಿನಕ್ಕೆ ಹಂಚಿಹೋಗುತ್ತದೆ. ಹಾಗಾಗಿ ತಗಡು, ಮೊಳೆ, ಒಂದು ಫೋನು ಇಷ್ಟರಲ್ಲೇ ಉತ್ತರ ಅರ್ಧ ಸೆಕೆಂಡಿನೊಳಗೆ ಬಂತು.

ಸೂರ್ಯನನ್ನೂ ಅಳೆದದ್ದು

"ಸೂರ್ಯ ಮಾತ್ರ ದಿನಾ ಒಂದೇ ಟೈಮಿಗೆ ಬರ್ತಾನೆ ಅಂತ ಹೇಗೆ ಗೊತ್ತು?" ಇದು ಆಕೆಯ ಮುಂದಿನ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ನಕ್ಷತ್ರವನ್ನು ನಂಬದೆ ಅಳೆದ ಮೇಲೆ ಸೂರ್ಯನನ್ನು ಮಾತ್ರ ಯಾಕೆ ನಂಬಬೇಕು?

ಅಂಗಳದ ಸಿಮೆಂಟಿನ ಮೇಲೆ ಒಂದು ಶಂಕು, ಅಂದರೆ ನೆರಳು ನೋಡುವ ನೇರ ಕೋಲು ನೆಟ್ಟು, ಅದರ ಸುತ್ತ ವೃತ್ತ ಎಳೆದು, ಬೆಳಿಗ್ಗೆ ಮತ್ತು ಮಧ್ಯಾಹ್ನದ ಮೇಲೆ ನೆರಳಿನ ತುದಿ ವೃತ್ತವನ್ನು ಮುಟ್ಟಿದ ಎರಡು ಜಾಗ ಗುರುತಿಸಿ ಉತ್ತರ-ದಕ್ಷಿಣ ಗೆರೆ ಹಾಕಿದೆವು. ಆ ಗೆರೆಯ ಮೇಲೆ ನೆರಳು ಬಿದ್ದ ಗಳಿಗೆ ನಿಜವಾದ ನಡುಹಗಲು. ಇದರಲ್ಲಿ ಸೆಕೆಂಡು ಸಿಗಲ್ಲ, ನೆರಳಿನ ಅಂಚು ಮಸುಕಾಗಿರುತ್ತದೆ, ಅರ್ಧ ನಿಮಿಷದ ತಪ್ಪು ಸಹಜ.

ಫೆಬ್ರವರಿ ನಡುವಿನಲ್ಲಿ ನಡುಹಗಲು ಆಗಿದ್ದು 12 ಗಂಟೆ 38 ನಿಮಿಷಕ್ಕೆ. ಹನ್ನೆರಡಕ್ಕೆ ಅಲ್ಲ! ಅದರಲ್ಲಿ 24 ನಿಮಿಷ ನಮ್ಮ ಊರು ಭಾರತೀಯ ಕಾಲಮಾನದ ರೇಖಾಂಶಕ್ಕಿಂತ ಪಶ್ಚಿಮಕ್ಕೆ ಇರುವುದರಿಂದ ಬಂದದ್ದು. ಉಳಿದ 14 ನಿಮಿಷ ಸೂರ್ಯನದೇ. ಮಾರ್ಚ್ 10ಕ್ಕೆ ಅದು 12:34ಕ್ಕೆ ಬಂದಿತ್ತು. ಅಂದರೆ ಸೂರ್ಯನೂ ಅಲ್ಲಾಡುತ್ತಾನೆ. ಭೂಮಿಯ ದಾರಿ ಪೂರ್ತಿ ಗುಂಡಗಿಲ್ಲ, ಜನವರಿಯಲ್ಲಿ ಸೂರ್ಯನಿಗೆ ಹತ್ತಿರ ಇದ್ದಾಗ ಜೋರಾಗಿ ಸಾಗುತ್ತದೆ, ಜುಲೈಯಲ್ಲಿ ನಿಧಾನ. ಜೊತೆಗೆ ಭೂಮಿಯ ಅಕ್ಷ ಓರೆಯಾಗಿದೆ. ಹಾಗಾಗಿ ಆ "ಇನ್ನೊಂದು ಡಿಗ್ರಿ" ದಿನಾ ಒಂದೇ ಅಳತೆ ಇರಲ್ಲ. ಡಿಸೆಂಬರ್ ಕೊನೆಯಲ್ಲಿ ಒಂದು ನಡುಹಗಲಿನಿಂದ ಇನ್ನೊಂದಕ್ಕೆ 24 ಗಂಟೆಗಿಂತ ಅರ್ಧ ನಿಮಿಷ ಜಾಸ್ತಿ ಆಗುತ್ತದೆ, ಸೆಪ್ಟೆಂಬರ್ ನಡುವಿನಲ್ಲಿ 20 ಸೆಕೆಂಡು ಕಮ್ಮಿ. 24 ಗಂಟೆ ಅನ್ನುವುದು ವರ್ಷದ ಸರಾಸರಿ.

ಆದರೆ ಎರಡು ಅಳತೆಯನ್ನು ಪಕ್ಕಪಕ್ಕ ಇಟ್ಟಾಗ ಮಕ್ಕಳಿಗೆ ಬೇಕಾದದ್ದು ಸಿಕ್ಕಿತು. ಸೂರ್ಯ ಒಂದು ತಿಂಗಳಿಗೆ ಸರಿದದ್ದು ನಾಲ್ಕು ನಿಮಿಷ. ಅಗಸ್ತ್ಯ ಒಂದು ದಿನಕ್ಕೇ ಅಷ್ಟು. ಸೂರ್ಯ ಹಿಂದೆ ಮುಂದೆ ತೂಗಾಡಿ ಮತ್ತೆ ಅಲ್ಲಿಗೇ ಬರುತ್ತಾನೆ, ನಕ್ಷತ್ರ ಹಿಂದೆ ತಿರುಗಿ ನೋಡದೆ ಒಂದೇ ಕಡೆಗೆ ಸರಿಯುತ್ತಾ ಹೋಗುತ್ತದೆ.

ಈಗ ಮೊದಲ ಪ್ರಶ್ನೆಗೆ ಉತ್ತರ ಹೇಳಬಹುದಿತ್ತು, ನಾನು ಹೇಳಲಿಲ್ಲ, ಆಕೆಯೇ ಹೇಳಿದಳು. ನಮ್ಮ ಗಡಿಯಾರ ಸೂರ್ಯನನ್ನು ನೋಡಿ ಇಟ್ಟಿದ್ದು, ಹಾಗಾಗಿ ಮಧ್ಯಾಹ್ನ ಮಧ್ಯಾಹ್ನವಾಗಿಯೇ ಉಳಿಯುತ್ತದೆ. 23 ಗಂಟೆ 56 ನಿಮಿಷಕ್ಕೆ ಒಂದು ಸುತ್ತು ಬರುವ ಗಡಿಯಾರ ಇಟ್ಟುಕೊಂಡಿದ್ದರೆ ಆಕೆ ಹೇಳಿದ ಹಾಗೇ ಆಗುತ್ತಿತ್ತು, ಆರು ತಿಂಗಳಿಗೆ ಅದು ಹನ್ನೆರಡು ತೋರಿಸುವಾಗ ನಡುರಾತ್ರಿ. ನಮ್ಮ ಗಡಿಯಾರದಲ್ಲಿ ಅದೇ ಹನ್ನೆರಡು ಗಂಟೆ ನಕ್ಷತ್ರಗಳ ಪಾಲಿಗೆ ಬೀಳುತ್ತದೆ. ಫೆಬ್ರವರಿ 10ರ ರಾತ್ರಿ ಒಂಬತ್ತೂವರೆಗೆ ಟ್ಯಾಂಕಿನ ಹಿಂದೆ ಹೋದ ಅಗಸ್ತ್ಯ ಆಗಸ್ಟ್ 10ರ ಸುಮಾರಿಗೆ ಬೆಳಿಗ್ಗೆ ಒಂಬತ್ತೂವರೆಗೆ ಅಲ್ಲಿರುತ್ತದೆ, ಬಿಸಿಲಿನಲ್ಲಿ ನಮಗೆ ಕಾಣಲ್ಲ ಅಷ್ಟೇ. ಪಾಠ ಮಾಡುವವರಿಗೆ ಇಷ್ಟು ಹೇಳುತ್ತೇನೆ: ಆಕೆಯ ಪ್ರಶ್ನೆಯಲ್ಲಿ ತಪ್ಪೇ ಇರಲಿಲ್ಲ. ಯಾವ ಗಡಿಯಾರದ ಬಗ್ಗೆ ಮಾತಾಡುತ್ತಿದ್ದೇವೆ ಅನ್ನುವುದನ್ನು ನಾನು ಹೇಳಿರಲಿಲ್ಲ.

ಇದೇ ಲೆಕ್ಕ ಇನ್ನೆಲ್ಲಿ

ಒಂದು ದಿನ ಬೋರ್ಡಿನ ಮೇಲೆ ಆರ್ಯಭಟನ ಎರಡು ಸಂಖ್ಯೆ ಬರೆದೆ. ಕ್ರಿ.ಶ. 499ರ ಆರ್ಯಭಟೀಯದಲ್ಲಿ ಇವೆ. ಒಂದು ಯುಗದಲ್ಲಿ ಸೂರ್ಯನ ಸುತ್ತು 43,20,000. ಅದೇ ಅವಧಿಯಲ್ಲಿ ಭೂಮಿ ತನ್ನ ಸುತ್ತ ತಿರುಗುವುದು 158,22,37,500 ಸಲ. ಒಂದರಿಂದ ಇನ್ನೊಂದನ್ನು ಕಳೆಯಿರಿ ಅಂದೆ. 157,79,17,500 ಬಂತು. ಅಷ್ಟು ಸೌರ ದಿನಗಳು. ಪ್ರದಕ್ಷಿಣೆಗೊಂದರಂತೆ ಕಳೆಯುವುದು, ನಾವು ಅಂಗಳದಲ್ಲಿ ಮಾಡಿದ್ದೇ. ಭಾಗಿಸಿ ನೋಡಿದರೆ ಒಂದು ಸುತ್ತಿಗೆ 23 ಗಂಟೆ 56 ನಿಮಿಷ 4.1 ಸೆಕೆಂಡು. ಇವತ್ತಿನ ಸಂಖ್ಯೆಗೂ ಅದಕ್ಕೂ ಸೆಕೆಂಡಿನ ಲೆಕ್ಕದಲ್ಲಿ ಬೇಧವೇ ಇಲ್ಲ. ಮಕ್ಕಳು ಮೂರು ಸಲ ಭಾಗಾಕಾರ ಮಾಡಿದರು.

ಇನ್ನೊಂದು ಉದಾಹರಣೆ ಅಮೆರಿಕದ್ದು. 1930ರ ದಶಕದ ಶುರುವಿನಲ್ಲಿ ಬೆಲ್ ಲ್ಯಾಬ್ಸ್‌ನ ಇಂಜಿನಿಯರ್ ಕಾರ್ಲ್ ಜಾನ್ಸ್ಕಿ ರೇಡಿಯೋದಲ್ಲಿ ಬರುವ ಗದ್ದಲದ ಮೂಲ ಹುಡುಕುತ್ತಿದ್ದ. ಸಿಡಿಲಿನದಲ್ಲದ ಒಂದು ಸಣ್ಣ ಸುಯ್ ಶಬ್ದ ದಿನಕ್ಕೊಂದು ಸಲ ಏರಿ ಇಳಿಯುತ್ತಿತ್ತು. ಸೂರ್ಯನಿಂದ ಬರುತ್ತಿರಬೇಕು ಅಂತ ಮೊದಲು ಅನ್ನಿಸಿತು, ಆ ಚಳಿಗಾಲದಲ್ಲಿ ದಿಕ್ಕೂ ಹೊಂದುತ್ತಿತ್ತು. ತಿಂಗಳು ಕಳೆದಂತೆ ಅದು ಸೂರ್ಯನನ್ನು ಬಿಟ್ಟು ದೂರ ಸರಿಯಿತು. ಅಳೆದರೆ 24 ಗಂಟೆಗಲ್ಲ, 23 ಗಂಟೆ 56 ನಿಮಿಷಕ್ಕೊಂದು ಸಲ. ಅಂದರೆ ಅದು ಸೂರ್ಯನದಲ್ಲ, ನಕ್ಷತ್ರಗಳ ಕಡೆಯದು. ಆಕಾಶಗಂಗೆಯ ನಡುಭಾಗದಿಂದ, ಧನು ರಾಶಿಯ ದಿಕ್ಕಿನಿಂದ ರೇಡಿಯೋ ಅಲೆ ಬರುತ್ತಿದೆ ಅಂತ 1933ರಲ್ಲಿ ಗೊತ್ತಾಯಿತು. ಒಂದೆರಡು ದಿನ ಮಾತ್ರ ನೋಡಿದ್ದರೆ ಈ ನಾಲ್ಕು ನಿಮಿಷ ಕಣ್ಣಿಗೆ ಬೀಳುತ್ತಿರಲಿಲ್ಲ.

ಮಾರನೇ ವರ್ಷ

ತಗಡನ್ನು ಕಿಟಕಿಯಿಂದ ತೆಗೆಯಬೇಡಿ ಅಂತ ಆ ಹುಡುಗಿ ಕೇಳಿಕೊಂಡಿದ್ದಳು. ಹಾಗೇ ಬಿಟ್ಟಿದ್ದೆವು. ಮಳೆಗಾಲಕ್ಕೆ ಸ್ಕ್ರೂ ತುಕ್ಕು ಹಿಡಿಯಿತು, ಆದರೆ ಅಲ್ಲಾಡಲಿಲ್ಲ.

ಮಾರನೇ ವರ್ಷ ಫೆಬ್ರವರಿ 10. ನಡುವೆ ಫೆಬ್ರವರಿ 29 ಬಂದಿರಲಿಲ್ಲ. ಪೂರ್ತಿ ಒಂದು ವರ್ಷ ಆಗಿದೆ, ಅಗಸ್ತ್ಯ ಮತ್ತೆ 9:31:20ಕ್ಕೇ ಹೋಗುತ್ತದೆ ಅಂತ ಉಳಿದವರೆಲ್ಲ ಅಂದುಕೊಂಡಿದ್ದರು. ಆಕೆ ಮಾತ್ರ ನೋಟ್‌ಬುಕ್ಕಿನಲ್ಲಿ ಬೇರೆ ಸಮಯ ಬರೆದು ಮಡಚಿಟ್ಟಿದ್ದಳು. ಕಿಟಕಿಯ ಹತ್ತಿರ ಹತ್ತು ಹನ್ನೆರಡು ಜನ. 9:31:20 ಆಯಿತು, ನಕ್ಷತ್ರ ಹಾಗೇ ಹೊಳೆಯುತ್ತಿತ್ತು. 9:32 ಆಯಿತು, ಇನ್ನೂ ಇತ್ತು. "ಹೋಯ್ತು" ಅಂದಾಗ ಫೋನಿನಲ್ಲಿ 9:32:19.

ಆಕೆ ನೋಟ್‌ಬುಕ್ ಬಿಚ್ಚಿದಳು. 9:32:17 ಅಂತ ಬರೆದಿತ್ತು. ಕೆಳಗೆ ಲೆಕ್ಕ: 365 ದಿನಕ್ಕೆ ಅಗಸ್ತ್ಯ ಒಟ್ಟು 86,107 ಸೆಕೆಂಡು ಹಿಂದೆ ಸರಿಯುತ್ತದೆ. ಪೂರ್ತಿ ಒಂದು ಸುತ್ತಿಗೆ ಬೇಕಾದದ್ದು 86,164. ಇನ್ನೂ 57 ಸೆಕೆಂಡು ಬಾಕಿ, ಯಾಕೆಂದರೆ ವರ್ಷಕ್ಕೆ ಸರಿಯಾಗಿ 365 ದಿನ ಅಲ್ಲ, ಇನ್ನೂ ಕಾಲು ದಿನ ಇದೆ. ನಾಲ್ಕು ವರ್ಷ ಹೀಗೇ 57ರಂತೆ ತಡವಾಗುತ್ತಾ ಬಂದು, ಫೆಬ್ರವರಿ 29 ಬಂದ ವರ್ಷ ಸುಮಾರು ನಾಲ್ಕು ನಿಮಿಷ ಒಟ್ಟಿಗೆ ಹಿಂದೆ ಬರುತ್ತದೆ.

"ಸರ್, ನೀವು ಅವತ್ತು ಹೇಳಿದ ಅಧಿಕ ವರ್ಷ ಇಲ್ಲಿದೆ" ಅಂದಳು.